ಮೀಟಿಂಗ್ ಮುಗಿದ ಮೇಲಿನ ಐದು ನಿಮಿಷ

ಸ್ಕ್ರೀನ್ ಶೇರ್ ಮಾಡಿ ಲೆಕ್ಕ ಒಪ್ಪಿಸುತ್ತಿರುವಾಗಲೇ ‘ಕಣ್ಣಿಗೆ ವಿಶ್ರಾಂತಿ ಕೊಡಿ’ ಎಂಬ ಸೂಚನೆ ಪರದೆ ತುಂಬ ಬಂದು ಕೂತರೆ ಯಾರಿಗೂ ಮುಜುಗರವೇ. ಇಂಥ ತಂತ್ರಾಂಶಗಳನ್ನು ಹಾಕಿಕೊಂಡವರು ಬೇಗನೆ ತೆಗೆದುಹಾಕುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮೀಟಿಂಗ್ ಹೊತ್ತಿನಲ್ಲಿ ಅವನ್ನು ಸುಮ್ಮನಿರಿಸುವುದು ಕಷ್ಟವೇನಲ್ಲ. ಸುಮ್ಮನಿದ್ದ ಹೊತ್ತಿನ ಬಾಕಿ ತೀರಿಸುವುದೇ ಕಷ್ಟ.

ಉಚಿತವಾಗಿ ಸಿಗುವ Stretchly ಎಂಬ ತಂತ್ರಾಂಶವನ್ನೇ ನೋಡೋಣ. ಹಾಕಿಕೊಂಡಾಗ ಇರುವ ಹೊಂದಾಣಿಕೆಯಂತೆ ಅದು 10 ನಿಮಿಷಕ್ಕೊಮ್ಮೆ 20 ಸೆಕೆಂಡಿನ ಸಣ್ಣ ಬಿಡುವು, ಅರ್ಧ ಗಂಟೆಗೊಮ್ಮೆ 5 ನಿಮಿಷದ ದೊಡ್ಡ ಬಿಡುವು ಕೊಡುತ್ತದೆ. ಸಣ್ಣದು ಕಣ್ಣಿಗಾಗಿ. ಹತ್ತಿರದ ಅಕ್ಷರಗಳನ್ನೇ ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿದೇ ಇರುತ್ತದೆ. 20 ಅಡಿಯಾಚೆಗೆ ನೋಡಿದರೆ ಸಡಿಲಗೊಳ್ಳುತ್ತದೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗುತ್ತದೆ. ದೊಡ್ಡ ಬಿಡುವು ಎದ್ದು ನಡೆದಾಡಲು.

ಕಂಪ್ಯೂಟರಿನಲ್ಲಿ ‘ಡು ನಾಟ್ ಡಿಸ್ಟರ್ಬ್’ ಹಾಕಿದರೆ Stretchly ತಾನೂ ತಡೆಯುತ್ತದೆ. ಮೀಟಿಂಗಿಗೆ ಇಷ್ಟು ಸಾಕು. ಮುಗಿದ ಮೇಲೆ ಅದನ್ನು ತೆಗೆಯಲು ಮರೆತರೆ ಮಾತ್ರ ಸಂಜೆಯವರೆಗೆ ಒಂದು ಸೂಚನೆಯೂ ಬರುವುದಿಲ್ಲ. ಗಂಟೆಗಟ್ಟಲೆ ಏನೂ ಬಾರದಿದ್ದರೆ ಮೊದಲು ಇದನ್ನೇ ನೋಡಿ.

ಇನ್ನೊಂದು ತೊಡಕು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೀಬೋರ್ಡ್, ಮೌಸ್ ಐದು ನಿಮಿಷ ಅಲುಗದಿದ್ದರೆ ನೀವು ಎದ್ದು ಹೋಗಿದ್ದೀರಿ ಎಂದುಕೊಂಡು ತಂತ್ರಾಂಶ ಎಣಿಕೆಯನ್ನು ಮೊದಲಿನಿಂದ ಶುರುಮಾಡುತ್ತದೆ. 11 ಗಂಟೆಯ ಮೀಟಿಂಗಿನಲ್ಲಿ ಕೈಕಟ್ಟಿ 50 ನಿಮಿಷ ಸ್ಲೈಡುಗಳನ್ನು ನೋಡುತ್ತಾ ಕೂತಿರಿ ಎನ್ನಿ. ಅದರ ಲೆಕ್ಕದಲ್ಲಿ ಅದು ವಿಶ್ರಾಂತಿ. ಕಣ್ಣು ಪರದೆಗೆ ಅಂಟಿತ್ತು, ಕುತ್ತಿಗೆ ಮುಂದಕ್ಕೆ ಬಾಗಿತ್ತು. ಆದರೂ ಮುಂದಿನ ದೊಡ್ಡ ಬಿಡುವು ಬರುವುದು 12.20ರ ಹೊತ್ತಿಗೆ. ಅಲ್ಲಿಗೆ ಕುರ್ಚಿ ಬಿಡದೆ ಒಂದು ಗಂಟೆ ಇಪ್ಪತ್ತು ನಿಮಿಷವಾಗಿರುತ್ತದೆ! ಹಾಗಾಗಿ ಕರೆ ಮುಗಿದ ಕೂಡಲೇ ಅದರ ಮೆನುವಿನಿಂದ ದೊಡ್ಡ ಬಿಡುವನ್ನು ನೀವೇ ಶುರುಮಾಡಿ.

ಒಂದರ ಬೆನ್ನಿಗೆ ಒಂದು ಕರೆಯಿದ್ದರೆ ಆ ಐದು ನಿಮಿಷವಾದರೂ ಎಲ್ಲಿಂದ ಬರಬೇಕು? ಅಮೆರಿಕದ ತಂಡದೊಂದಿಗೆ ಸಂಜೆ ಸಾಲು ಕರೆಗಳಿರುವ ಬೆಂಗಳೂರಿನವರಿಗೆ ಇದು ದಿನದ ಪಾಡು. ಗೂಗಲ್ ಕ್ಯಾಲೆಂಡರಿನಲ್ಲಿ Speedy meetings ಎಂಬ ಆಯ್ಕೆಯಿದೆ. ಅದನ್ನು ಒತ್ತಿಟ್ಟರೆ ನೀವು ಹೊಸದಾಗಿ ಗೊತ್ತುಮಾಡುವ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50 ನಿಮಿಷಕ್ಕೆ ಇಳಿಯುತ್ತದೆ. ಬೇರೆಯವರು ಕರೆದ ಮೀಟಿಂಗ್ ಮಾತ್ರ ಇದ್ದಂತೆಯೇ ಇರುತ್ತದೆ. ಆದ್ದರಿಂದ ತಂಡದ ಮುಖ್ಯಸ್ಥರೇ ಇದನ್ನು ಹಾಕಿಕೊಳ್ಳಬೇಕು ಎಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ, ಬರೀ ಕೇಳಿಸಿಕೊಂಡರೆ ಸಾಕಾಗುವ ಕರೆಗಳಿಗೆ ಇಯರ್‌ಫೋನ್ ಹಾಕಿಕೊಂಡು ಕಾರಿಡಾರಿನಲ್ಲಿ ನಡೆಯಿರಿ.