ಬಿ.ಪಿ.ಎಡ್. ಮುಗಿಸಿದವರ ಮೊದಲ ಅರ್ಜಿ

ಫೆಬ್ರುವರಿಯಿಂದ ಮೇ ತಿಂಗಳವರೆಗೆ ಖಾಸಗಿ ಶಾಲೆಗಳು ಶಿಕ್ಷಕರಿಗಾಗಿ ಜಾಹೀರಾತು ಕೊಡುವ ಕಾಲ. ಗಣಿತ, ವಿಜ್ಞಾನ, ಇಂಗ್ಲಿಷ್ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ದೈಹಿಕ ಶಿಕ್ಷಣ ಶಿಕ್ಷಕರು – 1’ ಎಂದಿರುತ್ತದೆ. ಆ ಒಂದು ಹುದ್ದೆಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಅರ್ಜಿದಾರ ಆಡಿದ ಆಟಗಳು, ಗೆದ್ದ ಪದಕಗಳು, ಅದರ ಕೆಳಗೆ ‘ಶಿಸ್ತು, ಸಮಯಪಾಲನೆ, ಕಠಿಣ ಪರಿಶ್ರಮ ನನ್ನ ಗುಣಗಳು’ ಎಂಬ ಸಾಲು. ಓದುವ ಮುಖ್ಯೋಪಾಧ್ಯಾಯರಿಗೆ ಬೇಕಾದ ಸಂಗತಿ ಮಾತ್ರ ಅದರಲ್ಲಿ ಇರುವುದಿಲ್ಲ. ನಲವತ್ತೈದು ಮಕ್ಕಳನ್ನು ನಲವತ್ತು ನಿಮಿಷ ಈ ಅಂಗಳದಲ್ಲಿ ಬಿಟ್ಟರೆ ಈ ವ್ಯಕ್ತಿ ಏನು ಮಾಡುತ್ತಾರೆ? ಅವರಿಗೆ ತಿಳಿಯಬೇಕಾದದ್ದು ಅಷ್ಟೇ.

ಹೊಸದಾಗಿ ಪದವಿ ಮುಗಿಸಿದವರ ಬಳಿ ಈ ಪ್ರಶ್ನೆಗೆ ಉತ್ತರವಿದೆ. ಬಿ.ಪಿ.ಎಡ್. ಈಗ ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ಕೋರ್ಸು. ಪ್ರತಿಯೊಬ್ಬ ವಿದ್ಯಾರ್ಥಿಯೂ ಶಾಲೆಗಳಿಗೆ ಹೋಗಿ ಪಾಠಯೋಜನೆ ಬರೆದು ತರಗತಿ ನಡೆಸಿರುತ್ತಾನೆ, ಪಂದ್ಯಗಳಿಗೆ ಅಂಪೈರ್ ಆಗಿ ನಿಂತಿರುತ್ತಾನೆ, ಸುಣ್ಣದ ಪುಡಿ ಹಾಕಿ ಅಂಕಣ ಗುರುತಿಸಿರುತ್ತಾನೆ. ಆದರೂ ಅರ್ಜಿ ಬರೆಯಲು ಕೂತಾಗ ‘ನನಗೆ ಅನುಭವ ಇಲ್ಲ’ ಎಂದುಕೊಂಡು ಈ ಎರಡು ವರ್ಷವನ್ನು ‘ಬಿ.ಪಿ.ಎಡ್. ಪ್ರಥಮ ದರ್ಜೆ’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಪಾಠಯೋಜನೆಯ ಪುಸ್ತಕ ಕಾಲೇಜಿಗೆ ಒಪ್ಪಿಸಿದ್ದಾಗಿದೆ, ಇನ್ನದರ ಕೆಲಸವಿಲ್ಲ ಎಂಬ ಭಾವನೆ. ನನ್ನ ಪ್ರಕಾರ ಇಡೀ ಅರ್ಜಿ ನಿಲ್ಲಬೇಕಾದದ್ದು ಆ ಪುಸ್ತಕದ ಮೇಲೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹುಡುಗಿ, ಖೋ-ಖೋ ಆಟಗಾರ್ತಿ, ಈಗಷ್ಟೇ ಬಿ.ಪಿ.ಎಡ್. ಮುಗಿಸಿದ್ದಾಳೆ. ಹುಬ್ಬಳ್ಳಿಯ ಖಾಸಗಿ ಶಾಲೆಯೊಂದಕ್ಕೆ ಅರ್ಜಿ ಹಾಕಬೇಕು. ಜಾಹೀರಾತು ಕನ್ನಡದಲ್ಲಿದ್ದರೆ ಅರ್ಜಿಯೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲಿ. ಇಂದ, ಗೆ, ದಿನಾಂಕ, ವಿಷಯ, ಜಾಹೀರಾತಿನ ಉಲ್ಲೇಖ ಎಲ್ಲ ಶಾಲೆಯಲ್ಲಿ ಕಲಿತ ಹಾಗೆಯೇ ಇರಲಿ. ಒಟ್ಟು ಒಂದು ಪುಟ ದಾಟಬಾರದು. ಉಳಿದ ವಿವರಗಳಿಗೆ ಬಯೊಡೇಟಾ ಇದೆ.

ಮೊದಲ ಪ್ಯಾರಾದಲ್ಲಿ ಅರ್ಹತೆ ನೇರವಾಗಿ ಬರಬೇಕು. ‘ಬಿ.ಪಿ.ಎಡ್.ನ ನಾಲ್ಕೂ ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇನೆ. ಮೂರು ಸೆಮಿಸ್ಟರ್‌ಗಳ ಅಂಕಪಟ್ಟಿ ಲಗತ್ತಿಸಿದ್ದೇನೆ. ಕೊನೆಯ ಸೆಮಿಸ್ಟರ್ ಫಲಿತಾಂಶ ಬರಬೇಕಿದೆ.’ ಫಲಿತಾಂಶ ಬಾಕಿಯಿದ್ದರೆ ಹೀಗೆ ಹೇಳಿಬಿಡುವುದೇ ಒಳ್ಳೆಯದು. ಮುಚ್ಚಿಟ್ಟರೆ ಸಂದರ್ಶನದ ದಿನ ಮೂಲ ದಾಖಲೆ ಕೇಳಿದಾಗ ಅದು ಹೊರಬರುತ್ತದೆ, ಆಗ ಉಳಿದ ಮಾತುಗಳ ಮೇಲೂ ಅನುಮಾನ ಬೀಳುತ್ತದೆ.

ಎರಡನೇ ಪ್ಯಾರಾ ಅರ್ಜಿಯ ಜೀವಾಳ. ಅವಳು ಹೀಗೆ ಬರೆಯಬಹುದು:

‘ಬೋಧನಾ ಅಭ್ಯಾಸದಲ್ಲಿ 7ನೇ ತರಗತಿಯ 45 ಮಕ್ಕಳಿಗೆ ವಾಲಿಬಾಲ್ ಅಂಡರ್‌ಹ್ಯಾಂಡ್ ಪಾಸ್ ಕಲಿಸಬೇಕಿತ್ತು. ಶಾಲೆಯಲ್ಲಿ ಇದ್ದದ್ದು ಮೂರೇ ಚೆಂಡು. ಹಾಜರಿ ಮತ್ತು ಮೈದಾನಕ್ಕೆ ಬರುವುದಕ್ಕೆ 5 ನಿಮಿಷ, ವಾರ್ಮ್‌ಅಪ್‌ಗೆ 5 ನಿಮಿಷ ಇಟ್ಟುಕೊಂಡು ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ. ಒಂದು ಗುಂಪು ಮೂರು ಚೆಂಡಿನಲ್ಲಿ ಪಾಸ್ ಅಭ್ಯಾಸ, ಒಂದು ಶಟಲ್ ರನ್, ಒಂದು ಸಾಲಾಗಿ ಕೂತು ಖೋ ಕೊಡುವ ಅಭ್ಯಾಸ, ಇನ್ನೊಂದು ಒಂಟಿಕಾಲಿನ ಸಮತೋಲನ. 6 ನಿಮಿಷಕ್ಕೊಮ್ಮೆ ವಿಸಲ್ ಹಾಕಿ ಗುಂಪು ಬದಲಿಸಿದೆ. ನೀರು ಕುಡಿದು ತರಗತಿಗೆ ಮರಳಲು 6 ನಿಮಿಷ ಉಳಿಯಿತು.’

ಲೆಕ್ಕ ಹಾಕಿ ನೋಡಿ: ಐದು, ಐದು, ನಾಲ್ಕಾರಲಿ ಇಪ್ಪತ್ತನಾಲ್ಕು, ಮತ್ತೆ ಆರು, ಒಟ್ಟು ನಲವತ್ತು. ಅನುಭವಿ ಮುಖ್ಯೋಪಾಧ್ಯಾಯರು ಈ ಲೆಕ್ಕವನ್ನು ಖಂಡಿತ ಹಾಕುತ್ತಾರೆ. ಮಕ್ಕಳಿಗೆ ಚೆಂಡು ಎಸೆದು ಮರದ ನೆರಳಿಗೆ ಹೋಗುವವರಲ್ಲ ಇವರು ಎಂಬುದು ಅವರಿಗೆ ಗೊತ್ತಾಗುತ್ತದೆ. ‘ನಾನು ಶಿಸ್ತಿನ ಸಿಪಾಯಿ’ ಎಂದು ಹತ್ತು ಸಲ ಬರೆದರೂ ಈ ನಂಬಿಕೆ ಹುಟ್ಟುವುದಿಲ್ಲ. ಆದರೆ ಇದು ಸ್ವತಃ ನಡೆಸಿದ ತರಗತಿಯೇ ಆಗಿರಬೇಕು. ಗೆಳತಿಯ ಪುಸ್ತಕದಿಂದ ಎತ್ತಿಕೊಂಡು ಬರೆದರೆ, ‘ಪಾಸ್ ಸರಿಯಾಗಿ ಬಾರದ ಮಗುವನ್ನು ಹೇಗೆ ತಿದ್ದಿದಿರಿ?’ ಎಂಬ ಒಂದು ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ.

ಮೂರನೇ ಪ್ಯಾರಾ ಆ ಶಾಲೆಯ ಬಗ್ಗೆ. ನಗರದ ಖಾಸಗಿ ಶಾಲೆಗಳಲ್ಲಿ ಮೈದಾನವೆಂದರೆ ಹಲವೆಡೆ ಕಟ್ಟಡದ ಮುಂದಿನ ಅಂಗಳ. ನಮ್ಮ ಅಭ್ಯರ್ಥಿ ಹೋಗಿ ನೋಡಿದ ಅಂಗಳ ಹೆಚ್ಚುಕಡಿಮೆ 25 ಮೀಟರ್ ಉದ್ದ, 18 ಮೀಟರ್ ಅಗಲ ಇದೆಯೆಂದುಕೊಳ್ಳಿ. ವಾಲಿಬಾಲ್ ಅಂಕಣ 18 x 9 ಮೀಟರ್. ಸುತ್ತ 3 ಮೀಟರ್ ಖಾಲಿ ಜಾಗ ಬಿಟ್ಟರೆ 24 x 15. ಅದು ಹಿಡಿಯುತ್ತದೆ. ಮಹಿಳೆಯರ ಕಬಡ್ಡಿ ಅಂಕಣ 12 x 8, ಅದೂ ಆಗುತ್ತದೆ. ಅವಳ ಸ್ವಂತ ಆಟವಾದ ಖೋ-ಖೋದ ಪೂರ್ಣ ಅಂಕಣವೇ 27 ಮೀಟರ್ ಉದ್ದ, ಹಾಗಾಗಿ ಅದು ಹಿಡಿಯುವುದಿಲ್ಲ. ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಯ 600 ಮೀಟರ್ ಓಟವನ್ನು 18 x 12ರ ಆಯತ ಹಾಕಿ ಹತ್ತು ಸುತ್ತು ಓಡಿಸಬಹುದು, ಮೂಲೆಗಳಲ್ಲಿ ವೇಗ ತಗ್ಗುವುದನ್ನು ಒಪ್ಪಿಕೊಂಡರೆ. 50 ಮೀಟರ್ ಓಟಕ್ಕೆ ಮಾತ್ರ ಬೇರೆ ನೇರ ಜಾಗ ಬೇಕೇಬೇಕು.

ಇಷ್ಟೆಲ್ಲ ಅರ್ಜಿಯಲ್ಲಿ ಬೇಡ. ‘ತಮ್ಮ ಅಂಗಳದಲ್ಲಿ ವಾಲಿಬಾಲ್ ಮತ್ತು ಕಬಡ್ಡಿ ತಂಡಗಳನ್ನು ಸಿದ್ಧಪಡಿಸಬಹುದು. ಖೋ-ಖೋಗೆ ಜಾಗ ಸಾಲದಿದ್ದರೂ ಚಿಕ್ಕ ಅಂಕಣದಲ್ಲಿ ಮೂಲ ಕೌಶಲಗಳನ್ನು ಕಲಿಸುವೆ’ ಎಂಬ ಎರಡು ವಾಕ್ಯ ಸಾಕು. ಕೆಲಸ ಕೇಳುವ ಮುನ್ನವೇ ಕೆಲಸದ ಜಾಗವನ್ನು ಕಣ್ಣಲ್ಲಿ ಅಳೆದಿದ್ದಾಳೆ ಎಂದು ಅಷ್ಟರಲ್ಲೇ ತಿಳಿಯುತ್ತದೆ.

ಆಟದ ಸಾಧನೆ ಬರಬೇಕಾದದ್ದು ಇದರ ನಂತರ, ಅದೂ ಕರಾರುವಾಕ್ಕಾಗಿ. ‘ವಿಶ್ವವಿದ್ಯಾಲಯ ಮಟ್ಟದ ಆಟಗಾರ್ತಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅಂತರ ಕಾಲೇಜು ಪಂದ್ಯದಲ್ಲಿ ಕಾಲೇಜಿನ ಪರ ಆಡುವುದು ಬೇರೆ, ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಇಡೀ ವಿಶ್ವವಿದ್ಯಾಲಯದ ಪರ ಆಡುವುದು ಬೇರೆ. ಯಾವ ವರ್ಷ, ಯಾವ ತಂಡದ ಪರ, ಯಾವ ಸ್ಥಾನ ಎಂದು ಬರೆದು ಪ್ರಮಾಣಪತ್ರದ ನಕಲು ಇಡಬೇಕು. ಇನ್ನೊಂದು ಎಚ್ಚರ: ತರಬೇತಿ ಡಿಪ್ಲೊಮಾ ಇಲ್ಲದೆ ‘ಕೋಚ್’ ಎಂದು ಬರೆದುಕೊಳ್ಳಬಾರದು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೊಡುವಂಥ ಡಿಪ್ಲೊಮಾ ಒಂದು ಆಟದಲ್ಲಿ ಕೋಚ್ ಆಗುವವರಿಗೆ, ಬಿ.ಪಿ.ಎಡ್. ಶಿಕ್ಷಕರ ತರಬೇತಿ. ಶಾಲೆ ಕೇಳಿರುವುದು ಶಿಕ್ಷಕರನ್ನು.

ಸಂಬಳದ ಮಾತು ಜಾಹೀರಾತಿನಲ್ಲಿ ಕೇಳಿದ್ದರಷ್ಟೇ ಬರಲಿ. ಮನೆಯ ಕಷ್ಟ ಹೇಳಿಕೊಳ್ಳುವುದು, ‘ಯಾವ ಕೆಲಸ ಕೊಟ್ಟರೂ ಮಾಡುವೆ’ ಎನ್ನುವುದು ಬೇಡ. ಆ ಮಾತು ಬರೆದವರಿಗೆ ಆಟದ ಪೀರಿಯಡ್ ತಪ್ಪಿ, ರಜೆ ಹಾಕಿದ ಶಿಕ್ಷಕರ ತರಗತಿ ಕಾಯುವುದೇ ಕೆಲಸವಾದೀತು. ಬದಲಿಗೆ ಕೊನೆಯಲ್ಲಿ, ‘ಪೊಲೀಸ್ ಪರಿಶೀಲನೆಗೆ ಬೇಕಾದ ದಾಖಲೆ ಕೊಡಲು ಸಿದ್ಧಳಿದ್ದೇನೆ, ಒಂದು ತರಗತಿ ನಡೆಸಿ ತೋರಿಸಲು ಅವಕಾಶ ಕೊಡಿ’ ಎಂದು ಬರೆಯಲಿ. ಮಕ್ಕಳನ್ನು ಮುಟ್ಟಿ ಕಲಿಸುವ ವಿಷಯವಾದ್ದರಿಂದ ಶಾಲೆಗಳು ಈಗ ಮೊದಲನೆಯದನ್ನು ಗಂಭೀರವಾಗಿ ನೋಡುತ್ತವೆ. ಡೆಮೊ ತರಗತಿಯನ್ನು ತಾನಾಗಿ ಕೇಳಿ ಪಡೆಯುವವರು ಕಡಿಮೆ, ಹಾಗಾಗಿ ಎರಡನೆಯದು ಬೇಗ ಕಣ್ಣಿಗೆ ಬೀಳುತ್ತದೆ.

ಈ ವರ್ಷ ಅರ್ಜಿ ಬರೆಯುವವರಿಗೆ ನನ್ನದೊಂದು ವಿನಂತಿ: ಒಂದೇ ಪತ್ರವನ್ನು ಇಪ್ಪತ್ತು ಶಾಲೆಗೆ ಕಳಿಸಬೇಡಿ. ನಾಲ್ಕು ಶಾಲೆ ಆರಿಸಿಕೊಂಡು, ಅನುಮತಿ ಕೇಳಿ ಅವುಗಳ ಅಂಗಳ ನೋಡಿ ಬಂದು, ನಾಲ್ಕು ಬೇರೆ ಬೇರೆ ಪತ್ರ ಬರೆಯಿರಿ.