ಪೋರ್ಟಲ್‌ಗೆ ಹಾಕಿದ ಗಂಟೆಗಳೆಲ್ಲ ದಕ್ಕುವುದಿಲ್ಲ

ಬೆಂಗಳೂರಿನ ಬ್ಯಾಂಕುಗಳಲ್ಲೂ ಐಟಿ ಕಂಪನಿಗಳಲ್ಲೂ ಸಿಸಾ ಪ್ರಮಾಣಪತ್ರ ಪಡೆದ ಆಡಿಟರ್‌ಗಳು ಬೇಕಾದಷ್ಟು ಜನ ಇದ್ದಾರೆ. ಮಾಹಿತಿ ವ್ಯವಸ್ಥೆಗಳ ಆಡಿಟ್ ಮಾಡುವವರಿಗೆ ಐಸಾಕಾ ಸಂಸ್ಥೆ 1978ರಿಂದ ಕೊಡುತ್ತಿರುವ ಪ್ರಮಾಣಪತ್ರ ಅದು. ಪರೀಕ್ಷೆ ಪಾಸಾಗುವುದು ಒಂದೇ ಸಲದ ಕೆಲಸ, ಪ್ರಮಾಣಪತ್ರವನ್ನು ಉಳಿಸಿಕೊಳ್ಳುವುದು ಮಾತ್ರ ಪ್ರತಿವರ್ಷದ ಕೆಲಸ. ಮೂರು ವರ್ಷಕ್ಕೆ 120 ಸಿಪಿಇ ಗಂಟೆ, ಅಂದರೆ ಮುಂದುವರಿದ ವೃತ್ತಿ ಶಿಕ್ಷಣದ ಗಂಟೆಗಳು, ಜೊತೆಗೆ ವಾರ್ಷಿಕ ನಿರ್ವಹಣಾ ಶುಲ್ಕ. ಇಷ್ಟು ಸಂಗತಿ ಎಲ್ಲರಿಗೂ ಗೊತ್ತು.

ಹಾಗಿದ್ದೂ ಈ ಆಡಿಟರ್‌ಗಳ ನಡುವೆ ಒಂದು ನಂಬಿಕೆ ಬೇರೂರಿದೆ. ಐಸಾಕಾ ಖಾತೆಯಲ್ಲಿ ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ ತುಂಬಿ ಸೇವ್ ಮಾಡಿದಾಗ ಒಟ್ಟು ಲೆಕ್ಕ ಮೇಲೇರಿದರೆ ಆ ಗಂಟೆಗಳು ಮಂಜೂರಾದವು ಎಂಬುದೇ ಆ ನಂಬಿಕೆ. ಬೇರೆಯವರ ದಾಖಲೆಯನ್ನು ಸಾಕ್ಷ್ಯವಿಲ್ಲದೆ ಒಪ್ಪಬಾರದೆಂದು ತರಬೇತಿ ಪಡೆದವರೇ ತಮ್ಮ ದಾಖಲೆಯ ವಿಷಯದಲ್ಲಿ ಹೀಗೆ ನಂಬಿ ಕೂರುತ್ತಾರೆ ಎನ್ನುವುದು ಬೇಸರದ ಸಂಗತಿ.

ಪೋರ್ಟಲ್ ಮಾಡುವುದು ದಾಖಲಿಸುವ ಕೆಲಸವನ್ನಷ್ಟೇ. ಸದಸ್ಯರು ತುಂಬಿದ್ದು ಅವರ ಸ್ವಯಂಘೋಷಣೆ. ಅದನ್ನು ಪರಿಶೀಲಿಸುವುದು ಆಮೇಲಿನ ಮಾತು, ಅದೂ ಎಲ್ಲರದ್ದಲ್ಲ. ಪ್ರತಿವರ್ಷ ಯಾದೃಚ್ಛಿಕವಾಗಿ ಒಂದಷ್ಟು ಜನರನ್ನು ಆರಿಸಿ, ಘೋಷಿಸಿದ ಗಂಟೆಗಳಿಗೆ ದಾಖಲೆ ಕೊಡಿ ಎಂದು ಐಸಾಕಾ ಕೇಳುತ್ತದೆ. ಆಗ ತೋರಿಸಬೇಕಾದದ್ದು ಕಾರ್ಯಕ್ರಮ ನಡೆಸಿದವರ ಪ್ರಮಾಣಪತ್ರ, ಪತ್ರ, ಹಾಜರಾತಿ ಪಟ್ಟಿ ಅಥವಾ ಹಾಜರಿಯನ್ನು ಬೇರೊಬ್ಬರು ದೃಢೀಕರಿಸಿದ ಇಂಥದೇ ಕಾಗದ. ಅದರಲ್ಲಿ ಭಾಗವಹಿಸಿದವರ ಹೆಸರು, ನಡೆಸಿದ ಸಂಸ್ಥೆ, ಕಾರ್ಯಕ್ರಮದ ಶೀರ್ಷಿಕೆ, ವಿವರಣೆ, ದಿನಾಂಕ, ಗಂಟೆಗಳು ಇವಿಷ್ಟೂ ಇರಬೇಕು. ವೆಬಿನಾರ್‌ಗೆ ಹೆಸರು ನೋಂದಾಯಿಸಿದ್ದಕ್ಕೆ ಬಂದ ಇಮೇಲ್ ಈ ಕೆಲಸಕ್ಕೆ ಸಾಲದು. ಹೆಸರು ಕೊಟ್ಟಿದ್ದಕ್ಕೆ ಅದು ಸಾಕ್ಷಿ, ಕೂತು ಕೇಳಿದ್ದಕ್ಕಲ್ಲ.

ಈ ನಂಬಿಕೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಬ್ಯಾಂಕೊಂದರ ಐಟಿ ಆಡಿಟ್ ವಿಭಾಗದ ಒಬ್ಬ ಮಹಿಳೆ ಮೂರು ವರ್ಷಗಳಲ್ಲಿ ಕ್ರಮವಾಗಿ 36, 38 ಮತ್ತು 51 ಗಂಟೆ ತುಂಬಿದ್ದಾರೆ ಎಂದುಕೊಳ್ಳೋಣ. ಒಟ್ಟು 125, ಅಂದರೆ ಬೇಕಾದ್ದಕ್ಕಿಂತ ಐದು ಹೆಚ್ಚು. ಮೊದಲೆರಡು ವರ್ಷಗಳ ಕಾಗದಪತ್ರ ಸರಿಯಾಗಿವೆ. ಆಡಿಟ್‌ಗೆ ಕರೆ ಬಂದದ್ದು ಮೂರನೆಯ ವರ್ಷಕ್ಕೆ.

ಆ ವರ್ಷದ ಮೊದಲ ನಮೂದು ಬ್ಯಾಂಕೇ ಏರ್ಪಡಿಸಿದ್ದ ಒಂದು ದಿನದ ತರಬೇತಿ. ಸಂಸ್ಥೆಯೊಳಗಿನ ತರಬೇತಿ ಲೆಕ್ಕಕ್ಕೆ ಬರುತ್ತದೆ, ಆ ಬಗ್ಗೆ ತಕರಾರಿಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಡೆದದ್ದರಿಂದ ಅವರು ಎಂಟು ಗಂಟೆ ಎಂದು ಬರೆದಿದ್ದರು. ಆದರೆ ಊಟ, ಕಾಫಿ ವಿರಾಮಗಳು ಎಣಿಕೆಗೆ ಸೇರುವುದಿಲ್ಲ, ಜೊತೆಗೆ 50 ನಿಮಿಷದ ಸಕ್ರಿಯ ಭಾಗವಹಿಸುವಿಕೆಗೆ ಒಂದು ಸಿಪಿಇ ಗಂಟೆ ಸಿಗುತ್ತದೆ. 480 ನಿಮಿಷದಲ್ಲಿ 90 ನಿಮಿಷದ ವಿರಾಮ ಕಳೆದರೆ 390 ಉಳಿಯಿತು. ಐವತ್ತರಿಂದ ಭಾಗಿಸಿದರೆ 7.8, ಕಾಲು ಗಂಟೆಯ ಲೆಕ್ಕದಲ್ಲಿ 7.75. ಇಲ್ಲಿ ಹೋದದ್ದು ಕಾಲು ಗಂಟೆ ಮಾತ್ರ.

ದೊಡ್ಡ ನಷ್ಟ ಆಗಿದ್ದು ಮುಂದಿನ ಎರಡು ನಮೂದುಗಳಲ್ಲಿ. ಸಾಫ್ಟ್‌ವೇರ್ ಮಾರುವ ಕಂಪನಿಗಳು ತಮ್ಮ ಉತ್ಪನ್ನ ತೋರಿಸಲು ನಡೆಸಿದ ಸಭೆಗಳಿಗೆ ಅವರು 16 ಗಂಟೆ ಬರೆದಿದ್ದರು. ಇಂಥ ಮಾರಾಟದ ಪ್ರಾತ್ಯಕ್ಷಿಕೆಗಳಿಗೆ ವರ್ಷಕ್ಕೆ ಹತ್ತು ಗಂಟೆಯ ಮಿತಿಯಿದೆ, ಹಾಗಾಗಿ ಆರು ಹೋಯಿತು. ಒಂದು ಗಂಟೆಯ ಒಂದೇ ಉಪನ್ಯಾಸವನ್ನು ಅವರು ಮೂರು ಕಡೆ ಕೊಟ್ಟಿದ್ದರು. ಉಪನ್ಯಾಸಕ್ಕೆ ಐದು ಪಟ್ಟು ಗಂಟೆ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ 15 ತುಂಬಿದ್ದರು. ಹೇಳಿದವರು ಅರ್ಧ ನಿಯಮವನ್ನಷ್ಟೇ ಹೇಳಿದ್ದರು. ಐದು ಪಟ್ಟು ಸಿಗುವುದು ಮೊದಲ ಸಲಕ್ಕೆ ಮಾತ್ರ. ಎರಡನೆಯ ಸಲ ಮಾತನಾಡಿದಷ್ಟೇ ಹೊತ್ತು. ಆಮೇಲೆ ವಿಷಯವನ್ನು ಗಣನೀಯವಾಗಿ ಬದಲಿಸದಿದ್ದರೆ ಏನೂ ಸಿಗುವುದಿಲ್ಲ. ಹಾಗಾಗಿ ಉಳಿದದ್ದು ಐದು ಮತ್ತು ಒಂದು, ಒಟ್ಟು ಆರು. ಕೊನೆಗೆ 12 ಗಂಟೆಯ ವೆಬಿನಾರ್‌ಗಳು. ಅವುಗಳಲ್ಲಿ ನಾಲ್ಕು ಗಂಟೆಗೆ ಅವರ ಬಳಿ ಇದ್ದದ್ದು ನೋಂದಣಿಯ ಇಮೇಲ್ ಮಾತ್ರ. ಅಲ್ಲಿಗೆ ಉಳಿದದ್ದು ಎಂಟು.

51 ಗಂಟೆ 31.75ಕ್ಕೆ ಇಳಿಯಿತು. ಮೂರು ವರ್ಷದ ಮೊತ್ತ 105.75 ಆಯಿತು, 120ಕ್ಕೆ 14.25 ಕಡಿಮೆ. ಆಕೆ ಸುಳ್ಳು ಹೇಳಿರಲಿಲ್ಲ. ತುಂಬಿದ ಪ್ರತಿ ಕಾರ್ಯಕ್ರಮಕ್ಕೂ ನಿಜವಾಗಿ ಹೋಗಿದ್ದರು. ಆದರೆ ಪೋರ್ಟಲ್ ಯಾವ ನಮೂದನ್ನೂ ತಡೆಯಲಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎಂದುಕೊಂಡರು. ಆಡಿಟ್‌ನಲ್ಲಿ ನಿಯಮ ಪಾಲಿಸಿದ್ದನ್ನು ತೋರಿಸಲಾಗದವರ ಪ್ರಮಾಣಪತ್ರವನ್ನು ಐಸಾಕಾ ಹಿಂಪಡೆಯಬಹುದು. ಹಿಂಪಡೆದ ಮೇಲೆ ವಿಸಿಟಿಂಗ್ ಕಾರ್ಡಿನಲ್ಲಾಗಲಿ ರೆಸ್ಯೂಮೆಯಲ್ಲಾಗಲಿ ತಾನು ಸಿಸಾ ಎಂದು ಹಾಕಿಕೊಳ್ಳುವಂತಿಲ್ಲ.

ಇದೇ ಸಾಲಿನ ಬೇರೆ ನಂಬಿಕೆಗಳಿಗೆ ಉತ್ತರ ಚಿಕ್ಕದು. ಮೂರನೆಯ ವರ್ಷದಲ್ಲೇ 120 ಗಂಟೆ ಒಟ್ಟಿಗೆ ಮುಗಿಸಬಹುದು ಎನ್ನುವವರು ಪ್ರತಿವರ್ಷ ಕನಿಷ್ಠ 20 ಗಂಟೆ ಇರಲೇಬೇಕೆಂಬ ನಿಯಮವನ್ನು ಮರೆತಿದ್ದಾರೆ. ದಿನವೂ ಆಡಿಟ್ ಮಾಡುತ್ತೇವಲ್ಲ, ಅದೇ ಕಲಿಕೆ ಎನ್ನುವ ವಾದವೂ ನಡೆಯುವುದಿಲ್ಲ, ನಿತ್ಯದ ಕೆಲಸ ಸಿಪಿಇ ಅಲ್ಲ. ಗಂಟೆಗಳನ್ನು ಪೋರ್ಟಲ್‌ಗೆ ಹಾಕಿದ ಮೇಲೆ ಪ್ರಮಾಣಪತ್ರ ಅಳಿಸಬಹುದು ಎನ್ನುವುದು ಇನ್ನೂ ಅಪಾಯಕಾರಿ. ಮೂರು ವರ್ಷದ ಅವಧಿ ಮುಗಿದ ಮೇಲೂ ಹನ್ನೆರಡು ತಿಂಗಳು ದಾಖಲೆ ಇಟ್ಟುಕೊಂಡಿರಬೇಕು. ಎಷ್ಟೋ ಜನರ ದಾಖಲೆ ಹಳೆಯ ಕಂಪನಿಯ ಇಮೇಲ್‌ನಲ್ಲಿ ಉಳಿದು, ಕೆಲಸ ಬಿಟ್ಟ ದಿನವೇ ಕೈತಪ್ಪುತ್ತದೆ.

ಇಂಥ ನಂಬಿಕೆಗಳು ಹುಟ್ಟುವುದು ನಿಯಮ ಗೂಢವಾಗಿರುವುದರಿಂದಲ್ಲ. ಸಿಪಿಇ ನೀತಿಯ ದಾಖಲೆಯನ್ನು ಐಸಾಕಾ ಬಹಿರಂಗವಾಗಿಯೇ ಇಟ್ಟಿದೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಅದನ್ನು ತೆರೆಯುವ ಬದಲು ಹಿರಿಯ ಸಹೋದ್ಯೋಗಿಯನ್ನು ಕೇಳುತ್ತಾರೆ. ಆ ಹಿರಿಯರು ತಾವು ಇಷ್ಟು ವರ್ಷದಿಂದ ಹೀಗೇ ತುಂಬುತ್ತಿದ್ದೇವೆ, ಏನೂ ಆಗಿಲ್ಲ ಎನ್ನುತ್ತಾರೆ. ಅವರ ಹೆಸರು ಆಡಿಟ್‌ಗೆ ಬಂದಿಲ್ಲ ಎಂಬುದಷ್ಟೇ ಆ ಮಾತಿನಿಂದ ಸಾಬೀತಾಗುತ್ತದೆ, ಅವರ ಲೆಕ್ಕ ಸರಿ ಎಂಬುದಲ್ಲ. ಆಮೇಲೆ ಅದೇ ಮಾತು ವಾಟ್ಸ್ಆ್ಯಪ್ ಗುಂಪಿಗೆ ಹೋಗಿ, ಸ್ಕ್ರೀನ್‌ಶಾಟ್ ಆಗಿ, ನಿಯಮವೆಂಬಂತೆ ಹರಡುತ್ತದೆ. ಆದಾಯ ತೆರಿಗೆಯ ವಿಷಯದಲ್ಲೂ ಭವಿಷ್ಯನಿಧಿಯ ವಿಷಯದಲ್ಲೂ ಓದುಬರಹ ಬಲ್ಲವರು ಹೀಗೆಯೇ ಮೂಲವನ್ನು ಬಿಟ್ಟು ಕೇಳಿದ ಮಾತಿನ ಹಿಂದೆ ಹೋಗುತ್ತಾರೆ. ನಂಬುವ ಮೊದಲು ಪುರಾವೆ ಕೇಳುವುದೇ ತಮ್ಮ ವೃತ್ತಿ ಎಂದುಕೊಂಡವರೂ ಹೀಗೆ ಮಾಡಿದಾಗ ಸಹಿಸುವುದು ಕಷ್ಟ.

ಸಿಸಾ ಇರುವವರು ಡಿಸೆಂಬರ್ ಕೊನೆಯವರೆಗೆ ಕಾಯುವುದು ಬೇಡ. ಈ ವರ್ಷ ತುಂಬಿದ ಒಂದೊಂದು ನಮೂದಿನ ಎದುರಿಗೂ ಕಾಗದ ಇದೆಯೇ, ಅದರಲ್ಲಿ ಆ ಆರು ವಿವರಗಳೂ ಇವೆಯೇ ಎಂದು ನೋಡಿಕೊಳ್ಳಲಿ. ಇಲ್ಲದಿದ್ದರೆ ಕಾರ್ಯಕ್ರಮ ನಡೆಸಿದವರಿಗೆ ಈಗಲೇ ಬರೆದು ಹಾಜರಾತಿ ಪತ್ರ ಕೇಳಲಿ. ಮೂರು ತಿಂಗಳ ಹಿಂದಿನ ಹಾಜರಿ ಪಟ್ಟಿಯನ್ನು ಅವರು ಹುಡುಕಿ ಕೊಟ್ಟಾರು, ಮೂರು ವರ್ಷದ ಹಿಂದಿನದನ್ನು ಕೊಡುವುದು ಅನುಮಾನ.