ಪರದೆ ಬಿತ್ತರಣೆ

ಮೊಬೈಲ್ ಪರದೆಯ ದೃಶ್ಯವನ್ನು ವೈ-ಫೈ ಮೂಲಕ ಟಿವಿಯಲ್ಲಿ ತೋರಿಸುವ ವಿಧಾನವೇ ಪರದೆ ಬಿತ್ತರಣೆ. ಕ್ರೋಮ್‌ಕಾಸ್ಟ್ ಮಾದರಿಯಲ್ಲಿ ಮೊಬೈಲ್ ತಾನಿರುವ ಜಾಲದ ಎಲ್ಲ ಸಾಧನಗಳಿಗೂ ಒಂದು ಕರೆಯನ್ನು ಕಳುಹಿಸುತ್ತದೆ. ಅದಕ್ಕೆ ಉತ್ತರಿಸಿದ ಟಿವಿಯ ಹೆಸರು ಪಟ್ಟಿಯಲ್ಲಿ ಕಾಣಿಸುತ್ತದೆ. ಈ ಕರೆ ಸಾಮಾನ್ಯವಾಗಿ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ.

ಉದಾಹರಣೆಗೆ, ನಂಜನಗೂಡಿನ ಮನೆಯೊಂದಕ್ಕೆ ಬಂದ ನೆಂಟರು ದೊಡ್ಡಜಾತ್ರೆಯ ವಿಡಿಯೊವನ್ನು ಟಿವಿಯಲ್ಲಿ ತೋರಿಸಬಯಸಿದರು ಎನ್ನೋಣ. ಅವರ ಮೊಬೈಲ್ ರೂಟರಿನ ಅತಿಥಿ ಜಾಲದಲ್ಲಿಯೂ ಟಿವಿ ಮುಖ್ಯ ಜಾಲದಲ್ಲಿಯೂ ಇದ್ದರೆ, ಎರಡಕ್ಕೂ ಅಂತರಜಾಲ ದೊರೆತರೂ ಟಿವಿಯ ಹೆಸರು ಕಾಣದು. ಮೊಬೈಲನ್ನು ಮುಖ್ಯ ಜಾಲಕ್ಕೆ ಸೇರಿಸಿದರೆ ಹೆಸರು ಕಾಣಿಸುತ್ತದೆ.

ಒಂದೇ ಜಾಲದಲ್ಲಿದ್ದೂ ಕಾಣದಿದ್ದರೆ ಮೊಬೈಲಿನ ವಿಪಿಎನ್ ನಿಲ್ಲಿಸಿ ನೋಡಬೇಕು. ಆಗಲೂ ಕಾಣದಿದ್ದರೆ ರೂಟರಿನ `AP Isolation` ಆಯ್ಕೆಯನ್ನು ಪರಿಶೀಲಿಸಬೇಕು. ಅದು ಚಾಲನೆಯಲ್ಲಿದ್ದರೆ ವೈ-ಫೈ ಸಾಧನಗಳು ಪರಸ್ಪರ ಸಂಪರ್ಕಿಸಲಾರವು.